ಫ್ಲಿಂಟ್ ನಲ್ಲಿ ನೀರಿನ ಕೇಸ್: ಸರ್ಕಾರ ಇತ್ತು, ಗವರ್ನೆನ್ಸ್ ಎಲ್ಲಿ ಹೋಗಿತ್ತು?

ಪಬ್ಲಿಕ್ ಅಡ್ಮಿನಿಸ್ಟ್ರೇಷನ್ ತಗೊಂಡವ್ರಿಗೆ ಮೊದಲ ವರ್ಷದ ಮೊದಲ ಯೂನಿಟ್ಟಲ್ಲೇ ಈ ಪ್ರಶ್ನೆ ಎದುರಾಗುತ್ತೆ, ಗವರ್ನಮೆಂಟ್‌ಗೂ ಗವರ್ನೆನ್ಸ್‌ಗೂ ಏನು ವ್ಯತ್ಯಾಸ ಅಂತ. ಗೈಡ್‌ನಲ್ಲಿ ಇರೋ ಉತ್ತರ ಒಂದೇ ಸಾಲು: ಗವರ್ನಮೆಂಟ್ ಅಂದ್ರೆ ಸಂಸ್ಥೆ, ಗವರ್ನೆನ್ಸ್ ಅಂದ್ರೆ ಪ್ರಕ್ರಿಯೆ. ತಪ್ಪೇನಲ್ಲ, ಮಾರ್ಕ್ಸೂ ಬರುತ್ತೆ, ಆದ್ರೆ ಅದನ್ನ ಬಾಯಿಪಾಠ ಮಾಡಿದವ್ರನ್ನ ನಿಲ್ಲಿಸಿ ಒಂದು ಉದಾಹರಣೆ ಕೊಡಿ ಅಂದ್ರೆ ಸುಮ್ನಾಗ್ತಾರೆ. ಕನ್ನಡದಲ್ಲಿ ಓದೋರಿಗೆ ಇನ್ನೊಂದು ತೊಡಕಿದೆ. ಅಡ್ಮಿನಿಸ್ಟ್ರೇಷನ್‌ಗೂ ಆಡಳಿತ ಅಂತೀವಿ, ಗವರ್ನೆನ್ಸ್‌ಗೂ ಆಡಳಿತ ಅಂತೀವಿ, ಕೆಲವರು ಆಳ್ವಿಕೆ ಅಂತಾರೆ, ಕೆಲವರು ನೇರವಾಗಿ ಸುಶಾಸನ ಅಂದ್ಬಿಡ್ತಾರೆ. ಈ ಕೊನೇದು ಸ್ವಲ್ಪ ಅಪಾಯ, ಯಾಕಂದ್ರೆ 'ಸು' ಸೇರಿಸಿದ ತಕ್ಷಣ ಗವರ್ನೆನ್ಸ್ ಅಂದ್ರೇನೇ ಒಳ್ಳೇದು ಅನ್ನೋ ಭಾವನೆ ಬಂದ್ಬಿಡುತ್ತೆ. ಗವರ್ನೆನ್ಸ್ ಎಲ್ಲ ಕಡೆನೂ ಇರುತ್ತೆ, ಒಳ್ಳೇದೂ ಇರುತ್ತೆ ಕೆಟ್ಟದ್ದೂ ಇರುತ್ತೆ. ಹಾಗಾಗಿ ಇಲ್ಲಿ ನಾನು ಗವರ್ನೆನ್ಸ್ ಅಂತಲೇ ಬರೀತೀನಿ.

ಒಂದೇ ಒಂದು ಕೇಸ್ ತಗೊಳ್ಳೋಣ. ಅಮೆರಿಕದ ಮಿಷಿಗನ್ ರಾಜ್ಯದ ಫ್ಲಿಂಟ್ ಅನ್ನೋ ಊರು, 2014ರಿಂದ 2015ರವರೆಗೆ ಅಲ್ಲಿ ನಲ್ಲಿ ನೀರಿಗೆ ಏನಾಯ್ತು ಅನ್ನೋದು. ಇದನ್ನೇ ಆರಿಸ್ಕೊಂಡಿದ್ದಕ್ಕೆ ಕಾರಣ ಇದೆ. ಸರ್ಕಾರನೇ ಇಲ್ಲದ ಕಡೆ ಅನಾಹುತ ಆಯ್ತು ಅಂದ್ರೆ ಅದ್ರಲ್ಲಿ ಕಲಿಯೋದು ಕಮ್ಮಿ. ಫ್ಲಿಂಟ್‌ನಲ್ಲಿ ಸರ್ಕಾರ ಮೂರು ಮಹಡಿಯಲ್ಲೂ ಇತ್ತು, ಊರಿನ ಕೌನ್ಸಿಲ್ಲು, ರಾಜ್ಯ, ಕೇಂದ್ರ. ಕಾನೂನು ಇತ್ತು, ಲ್ಯಾಬ್ ಇತ್ತು, ಇನ್‌ಸ್ಪೆಕ್ಟರ್ ಇದ್ರು, ಒಂದು ಕುರ್ಚಿನೂ ಖಾಲಿ ಇರ್ಲಿಲ್ಲ. ಆದ್ರೂ ಸುಮಾರು ಒಂದು ಲಕ್ಷ ಜನ ಹದಿನೆಂಟು ತಿಂಗಳ ಹತ್ತಿರ ಸೀಸ ಬಿಡೋ ಪೈಪಿನ ನೀರು ಬಳಸಿದ್ರು.

ಮೊದಲು ಊರಿನ ಸ್ಥಿತಿ. ಫ್ಲಿಂಟ್ ಅಂದ್ರೆ ಜನರಲ್ ಮೋಟರ್ಸ್ ಕಂಪನಿ 1908ರಲ್ಲಿ ಹುಟ್ಟಿದ ಜಾಗ. 1960ರ ಹೊತ್ತಿಗೆ ಎರಡು ಲಕ್ಷದ ಹತ್ತಿರ ಜನ ಇದ್ರು, ಆಮೇಲೆ ಫ್ಯಾಕ್ಟರಿಗಳು ಒಂದೊಂದಾಗಿ ಮುಚ್ಚಿದ್ವು, ಜನ ಬಿಟ್ಟು ಹೋದ್ರು, ಈ ಕೇಸ್ ಶುರುವಾಗೋ ಹೊತ್ತಿಗೆ ಒಂದು ಲಕ್ಷ ಉಳಿದಿದ್ರು, ಅದ್ರಲ್ಲಿ ಅರ್ಧಕ್ಕಿಂತ ಹೆಚ್ಚು ಕಪ್ಪು ಜನಾಂಗದವ್ರು, ಹತ್ತಕ್ಕೆ ನಾಲ್ಕು ಜನ ಬಡತನದ ರೇಖೆ ಕೆಳಗೆ. ಜನ ಅರ್ಧ ಆದ್ರೂ ಪೈಪು ಅರ್ಧ ಆಗಲ್ಲ. ಎರಡು ಲಕ್ಷ ಜನಕ್ಕೆ ಅಂತ ಹಾಕಿದ ಅಷ್ಟೂ ಪೈಪನ್ನ ಒಂದು ಲಕ್ಷ ಜನರ ದುಡ್ಡಲ್ಲಿ ನೋಡ್ಕೋಬೇಕು. ತೆರಿಗೆ ಸಾಲಲ್ಲ, ಸಾಲ ಏರುತ್ತೆ.

2011ರ ಕೊನೆಗೆ ರಾಜ್ಯ ಸರ್ಕಾರ ಈ ಊರು ಆರ್ಥಿಕ ತುರ್ತು ಸ್ಥಿತಿಯಲ್ಲಿದೆ ಅಂತ ಘೋಷಿಸಿ ಒಬ್ಬ ಎಮರ್ಜೆನ್ಸಿ ಮ್ಯಾನೇಜರನ್ನ ಕೂರಿಸ್ತು. ಈ ಹುದ್ದೆನ ಚೆನ್ನಾಗಿ ಅರ್ಥ ಮಾಡ್ಕೊಳ್ಳಿ, ಇಡೀ ಕೇಸಿನ ಕೀಲಿ ಇದೇ. ಅವನನ್ನ ನೇಮಿಸೋದು ಗವರ್ನರ್ (ಅಲ್ಲಿ ಗವರ್ನರ್ ಅಂದ್ರೆ ಚುನಾವಣೆಯಲ್ಲಿ ಗೆದ್ದು ರಾಜ್ಯ ನಡೆಸೋನು). ನೇಮಕ ಆದ ಮೇಲೆ ಮೇಯರ್ ಅಧಿಕಾರ, ಕೌನ್ಸಿಲ್ ಅಧಿಕಾರ ಎರಡೂ ಅವನ ಕೈಗೆ. ಬಜೆಟ್ ಅವನದ್ದು, ಒಪ್ಪಂದಗಳಿಗೆ ಸಹಿ ಅವನದ್ದು, ಕೌನ್ಸಿಲ್ ಮಾಡಿದ ನಿರ್ಣಯನ ತಳ್ಳಿ ಹಾಕೋ ಅಧಿಕಾರನೂ ಅವನದ್ದೇ. ಮೇಯರ್ ಇರ್ತಾನೆ, ಕೌನ್ಸಿಲ್ ಸಭೆನೂ ನಡೆಯುತ್ತೆ, ಜನ ಬಂದು ಮೈಕ್ ಮುಂದೆ ಮಾತಾಡ್ತಾರೆ, ಆದ್ರೆ ಆ ಮಾತಿಗೂ ತೀರ್ಮಾನಕ್ಕೂ ನಡುವೆ ಇದ್ದ ದಾರಿ ಕಟ್ ಆಗಿರುತ್ತೆ. 2011ರಿಂದ 2015ರೊಳಗೆ ಇಂಥ ನಾಲ್ಕು ಜನ ಫ್ಲಿಂಟ್‌ನಲ್ಲಿ ಕೂತು ಹೋದ್ರು.

ಇನ್ನೊಂದು ವಿಷ್ಯ, ಇದನ್ನ ಪರೀಕ್ಷೆಯಲ್ಲಿ ಬರೆದ್ರೂ ನಡೆಯುತ್ತೆ. ಈ ಅಧಿಕಾರ ಕೊಟ್ಟಿದ್ದ 2011ರ ಕಾನೂನನ್ನ ಮಿಷಿಗನ್ ಮತದಾರರು 2012ರ ನವೆಂಬರ್‌ನಲ್ಲಿ ಜನಮತಗಣನೆ ಮಾಡಿ ರದ್ದು ಮಾಡಿದ್ರು. ಮರು ತಿಂಗಳೇ ಶಾಸನಸಭೆ ಅದೇ ಥರದ ಇನ್ನೊಂದು ಕಾನೂನು ಪಾಸ್ ಮಾಡ್ತು, ಈ ಸಲ ಅದರೊಳಗೆ ಸ್ವಲ್ಪ ಹಣ ಮಂಜೂರಾತಿನೂ ಸೇರಿಸಿದ್ರು, ಯಾಕಂದ್ರೆ ಆ ರಾಜ್ಯದ ಸಂವಿಧಾನದ ಪ್ರಕಾರ ಹಣ ಮಂಜೂರು ಮಾಡೋ ಕಾನೂನನ್ನ ಜನಮತಗಣನೆಗೆ ಹಾಕೋ ಹಾಗಿಲ್ಲ. ಸರ್ಕಾರದ ಕಡೆಯಿಂದ ನೋಡಿದ್ರೆ ಎಲ್ಲಾ ಕಾನೂನುಬದ್ಧ, ಒಂದು ಅಕ್ಷರನೂ ತಪ್ಪಿಲ್ಲ. ಗವರ್ನೆನ್ಸ್ ಕಡೆಯಿಂದ ನೋಡಿದ್ರೆ ಜನ ಬೇಡ ಅಂದಿದ್ದನ್ನೇ ಹಿಂಬಾಗಿಲಿಂದ ವಾಪಸ್ ತಂದಿದ್ದಾಯ್ತು. ಕಾನೂನುಬದ್ಧ ಅನ್ನೋದು ಬೇರೆ, ಜನ ಒಪ್ಪಿದ್ದು ಅನ್ನೋದು ಬೇರೆ, ಈ ಎರಡನ್ನ ಬೇರೆ ಮಾಡಿ ನೋಡೋಕೆ ಬಂದ್ರೆ ಈ ಪಾಠದ ಅರ್ಧ ಭಾಗ ಮುಗಿದ ಹಾಗೆ.

ಈಗ ನೀರು. 1967ರಿಂದ ಫ್ಲಿಂಟ್ ಊರು ಡೆಟ್ರಾಯ್ಟ್‌ನಿಂದ ನೀರು ಕೊಳ್ತಿತ್ತು, ಹ್ಯೂರಾನ್ ಸರೋವರದ ನೀರು, ಶುದ್ಧ ಮಾಡಿ ಪೈಪಲ್ಲಿ ಬರ್ತಿತ್ತು, ಅದಕ್ಕೆ ಫಾಸ್ಫೇಟ್ ಬೆರೆಸಿರ್ತಿದ್ರು. ಹಳೇ ಊರಲ್ಲಿ ರಸ್ತೆ ಪೈಪಿಂದ ಮನೆಗೆ ಬರೋ ಪೈಪು ಎಷ್ಟೋ ಕಡೆ ಸೀಸದ್ದು. ಫಾಸ್ಫೇಟ್ ಹಾಕಿದ ನೀರು ಹರೀತಾ ಇದ್ರೆ ಪೈಪಿನ ಒಳಗೋಡೆಗೆ ತೆಳ್ಳಗೆ ಒಂದು ಪದರ ಕಟ್ಟುತ್ತೆ, ಆ ಪದರ ಇರೋ ತನಕ ಸೀಸ ನೀರಿಗೆ ಇಳಿಯೋದು ಬಹಳ ಕಮ್ಮಿ. ಅಂದ್ರೆ ಸೀಸದ ಪೈಪು ದಶಕಗಳಿಂದ ಇತ್ತು, ಕಾಪಾಡ್ತಾ ಇದ್ದಿದ್ದು ಆ ಪದರ.

ಡೆಟ್ರಾಯ್ಟ್ ನೀರು ದುಬಾರಿ ಅನ್ನೋ ಗೊಣಗಾಟ ಹಳೇದು. ಅದಕ್ಕೆ ಸುತ್ತಲಿನ ಕೆಲವು ಕೌಂಟಿಗಳು ಸೇರಿ ಸರೋವರದಿಂದ ತಮ್ಮದೇ ಹೊಸ ಪೈಪ್‌ಲೈನ್ ಹಾಕೋ ಯೋಜನೆ ಮಾಡಿದ್ವು. 2013ರ ಮಾರ್ಚ್ 25ಕ್ಕೆ ಫ್ಲಿಂಟ್ ಕೌನ್ಸಿಲ್ 7-1 ಮತದಲ್ಲಿ ಅದಕ್ಕೆ ಸೇರೋಕೆ ಒಪ್ಕೊಂತು. ಡೆಟ್ರಾಯ್ಟ್‌ನವರು ಸರಿ ಹಾಗಾದ್ರೆ, ಒಂದು ವರ್ಷದ ಮೇಲೆ ಹಳೇ ಒಪ್ಪಂದ ಮುಗಿಯುತ್ತೆ ಅಂತ ನೋಟಿಸ್ ಕೊಟ್ರು. ಹೊಸ ಪೈಪ್‌ಲೈನ್ ಅಷ್ಟರಲ್ಲಿ ಮುಗಿಯಲ್ಲ. ಮಧ್ಯದ ಅವಧಿಗೆ ನೀರು ಎಲ್ಲಿಂದ? ಊರೊಳಗೇ ಹರಿಯೋ ಫ್ಲಿಂಟ್ ನದಿಯಿಂದ ತಗೊಂಡು ಊರಿನ ಹಳೇ ಶುದ್ಧೀಕರಣ ಘಟಕದಲ್ಲೇ ಶುದ್ಧ ಮಾಡೋದು ಅಂತ ತೀರ್ಮಾನ ಆಯ್ತು. ಈ ತೀರ್ಮಾನ ಯಾರದ್ದು ಅಂತ ಆಮೇಲೆ ದೊಡ್ಡ ಜಗಳ ಆಯ್ತು. ರಾಜ್ಯದ ಕಡೆಯವ್ರು ಕೌನ್ಸಿಲ್ಲೇ 7-1 ಮತ ಹಾಕಿತ್ತಲ್ಲ ಅಂದ್ರು. ಆದ್ರೆ ಆ ಮತ ಹೊಸ ಪೈಪ್‌ಲೈನಿಗೆ ಬಿದ್ದಿದ್ದು, ನದಿ ನೀರಿಗಲ್ಲ. ನದಿಗೆ ಬದಲಾಗೋ ಕೆಲಸ ನಡೆದಿದ್ದು ಎಮರ್ಜೆನ್ಸಿ ಮ್ಯಾನೇಜರ್‌ಗಳ ಸಹಿಯಲ್ಲಿ.

2014ರ ಏಪ್ರಿಲ್ 25. ನೀರಿನ ಘಟಕದಲ್ಲಿ ಸಣ್ಣ ಸಮಾರಂಭ, ಮೇಯರ್ ಒಂದು ಬಟನ್ ಒತ್ತಿ ಡೆಟ್ರಾಯ್ಟ್ ನೀರು ನಿಲ್ಲಿಸಿದ್ರು, ನೆರೆದವರೆಲ್ಲ ಗ್ಲಾಸಲ್ಲಿ ನದಿ ನೀರು ಎತ್ತಿ ಹಿಡಿದು ಕುಡಿದ್ರು, ಫೋಟೋ ತೆಗೆದ್ರು. ಗಮನಿಸಿ, ಬಟನ್ ಒತ್ತಿದ ಕೈ ಚುನಾಯಿತ ಮೇಯರ್‌ದು, ಒತ್ತಬೇಕೋ ಬೇಡ್ವೋ ಅನ್ನೋ ಅಧಿಕಾರ ಅವ್ರದ್ದಾಗಿರ್ಲಿಲ್ಲ. ಅದಕ್ಕೂ ಒಂದು ವಾರ ಮುಂಚೆ ಅದೇ ಘಟಕದ ಒಬ್ಬ ಸೂಪರ್‌ವೈಸರ್ ರಾಜ್ಯದ ಪರಿಸರ ಇಲಾಖೆಗೆ ಇಮೇಲ್ ಹಾಕಿದ್ರು, ನಾವಿನ್ನೂ ರೆಡಿ ಇಲ್ಲ, ಮುಂದಿನ ಎರಡು ವಾರದೊಳಗೆ ನೀರು ಬಿಟ್ರೆ ಅದು ನನ್ನ ಮಾತಿಗೆ ವಿರುದ್ಧವಾಗಿ ಬಿಟ್ಟ ಹಾಗೆ ಅನ್ನೋ ಅರ್ಥದಲ್ಲಿ. ನೀರಿನ ಬಗ್ಗೆ ಅತಿ ಹತ್ತಿರದಿಂದ ಗೊತ್ತಿದ್ದ ಮನುಷ್ಯ ಅವ್ರು. ಇಮೇಲ್ ತಲುಪಿತು, ಬಟನ್ ಒತ್ತೋದು ಮಾತ್ರ ನಿಲ್ಲಲಿಲ್ಲ.

ನದಿ ನೀರಿಗೆ ಫಾಸ್ಫೇಟ್ ಹಾಕಲಿಲ್ಲ. ಇಷ್ಟೇ ತಾಂತ್ರಿಕ ತಪ್ಪು, ಒಂದೇ ಸಾಲಲ್ಲಿ ಹೇಳಬಹುದು. ನದಿ ನೀರಲ್ಲಿ ಕ್ಲೋರೈಡ್ ಜಾಸ್ತಿ, ಲೋಹ ತಿನ್ನೋ ಗುಣ ಜಾಸ್ತಿ, ಒಳಗಿನ ಪದರ ಕರಗ್ತಾ ಬಂತು. ಯಾಕೆ ಹಾಕಲಿಲ್ಲ ಅನ್ನೋದು ಕೇಳಬೇಕಾದ ಪ್ರಶ್ನೆ. 1991ರಿಂದ ಕೇಂದ್ರದ ಲೆಡ್ ಅಂಡ್ ಕಾಪರ್ ರೂಲ್ ಇದೆ, ಈ ಗಾತ್ರದ ಊರು ಪೈಪ್ ಸವೆತ ತಡೆಯೋ ಕ್ರಮ ಇಟ್ಕೊಂಡಿರಬೇಕು. ಆ ರೂಲನ್ನ ಜಾರಿ ಮಾಡೋ ಅಧಿಕಾರ ಕೇಂದ್ರದ ಪರಿಸರ ಏಜೆನ್ಸಿ, ಅಂದ್ರೆ ಇಪಿಎ, ರಾಜ್ಯದ ಪರಿಸರ ಇಲಾಖೆಗೆ ವಹಿಸಿಕೊಟ್ಟಿತ್ತು. ರಾಜ್ಯದ ಇಲಾಖೆ ಆ ರೂಲನ್ನ ಓದಿದ ರೀತಿ ಹೀಗೆ: ಹೊಸ ನೀರಿನ ಮೂಲ ಅಲ್ವಾ, ಮೊದಲು ಆರಾರು ತಿಂಗಳ ಎರಡು ಸುತ್ತು ಸ್ಯಾಂಪಲ್ ತೆಗೆಯೋಣ, ಆಮೇಲೆ ಏನು ಹಾಕಬೇಕು ಅಂತ ನೋಡೋಣ. ಅಂದ್ರೆ ಒಂದು ವರ್ಷ ಜನ ಕುಡೀತಾ ಇರ್ಲಿ, ನಾವು ಅಳೀತಾ ಇರ್ತೀವಿ ಅನ್ನೋ ಲೆಕ್ಕ.

ಜನರ ದೂರು ಶುರುವಾಗೋಕೆ ವರ್ಷ ಬೇಕಾಗಲಿಲ್ಲ. ಬಣ್ಣ, ವಾಸನೆ, ಮೈಮೇಲೆ ಗುಳ್ಳೆ. ಆಗಸ್ಟ್, ಸೆಪ್ಟೆಂಬರ್‌ನಲ್ಲಿ ಬ್ಯಾಕ್ಟೀರಿಯಾ ಸಿಕ್ಕಿ ನೀರು ಕುದಿಸಿ ಕುಡೀರಿ ಅಂತ ಪ್ರಕಟಣೆ ಬಂತು. ಅಕ್ಟೋಬರ್‌ನಲ್ಲಿ ಜನರಲ್ ಮೋಟರ್ಸ್‌ನ ಎಂಜಿನ್ ಕಾರ್ಖಾನೆ ಈ ನೀರು ನಮ್ಮ ಬಿಡಿಭಾಗಗಳಿಗೆ ತುಕ್ಕು ಹಿಡಿಸ್ತಿದೆ ಅಂತ ಹೇಳಿ ಪಕ್ಕದ ಟೌನ್‌ಶಿಪ್‌ನಿಂದ ಸರೋವರದ ನೀರಿಗೆ ಬದಲಾಯಿಸ್ಕೊಂತು. ಅವ್ರಿಗೆ ಅನುಮತಿನೂ ಸಿಕ್ತು. ಕಾರ್ಖಾನೆಗೆ ಗವರ್ನೆನ್ಸ್ ಕೆಲಸ ಮಾಡ್ತು ಅನ್ನೋಣ, ತೊಂದರೆ ಹೇಳಿದ್ರು, ಕೇಳೋರು ಕೇಳಿದ್ರು, ಪರಿಹಾರ ಆಯ್ತು. ಅದೇ ಊರಿನ ಮನೆಗಳಿಗೆ ಆ ದಾರಿ ಇರ್ಲಿಲ್ಲ. ಲೋಹ ತಿನ್ನೋ ನೀರು ಮನೆ ಪೈಪನ್ನೂ ತಿನ್ನುತ್ತೆ ಅಲ್ವಾ ಅಂತ ಯಾವ ಇಲಾಖೆಯ ಫೈಲೂ ಅಂದು ಕೇಳಲಿಲ್ಲ. 2015ರ ಜನವರಿಯಲ್ಲಿ ಫ್ಲಿಂಟ್‌ನಲ್ಲಿದ್ದ ರಾಜ್ಯ ಸರ್ಕಾರಿ ಕಚೇರಿ ಕಟ್ಟಡಕ್ಕೆ ನೌಕರರಿಗೆ ಅಂತ ಬೇರೆ ನೀರಿನ ಕೂಲರ್ ತರಿಸಿದ್ರು. ಹೊರಗೆ ಮಾತ್ರ ನೀರು ಸುರಕ್ಷಿತ ಅನ್ನೋ ಮಾತು.

ಅದೇ ಜನವರಿಯಲ್ಲಿ ಡೆಟ್ರಾಯ್ಟ್‌ನವರು ವಾಪಸ್ ಬನ್ನಿ, ಕನೆಕ್ಷನ್ ಕೊಡ್ತೀವಿ ಅಂದ್ರು. ಎಮರ್ಜೆನ್ಸಿ ಮ್ಯಾನೇಜರ್ ಬೇಡ ಅಂದ್ರು, ಖರ್ಚಾಗುತ್ತೆ. ಮಾರ್ಚ್ 23ಕ್ಕೆ ಕೌನ್ಸಿಲ್ ಮತ ಹಾಕ್ತು, ಡೆಟ್ರಾಯ್ಟ್ ನೀರಿಗೆ ವಾಪಸ್ ಹೋಗೋಕೆ ಏನು ಬೇಕೋ ಮಾಡಿ ಅಂತ, ಈ ಸಲನೂ 7-1. ಎಮರ್ಜೆನ್ಸಿ ಮ್ಯಾನೇಜರ್ ಅದನ್ನ ಪಕ್ಕಕ್ಕಿಟ್ರು. ಈ ಎರಡು 7-1ನ್ನ ಪಕ್ಕಪಕ್ಕ ಇಟ್ಟು ನೋಡಿ. 2013ರ 7-1 ರಾಜ್ಯಕ್ಕೆ ಬೇಕಾಗಿತ್ತು, ಹಾಗಾಗಿ ಅದು ಜನರ ತೀರ್ಮಾನ ಅಂತ ಪದೇ ಪದೇ ತೋರಿಸಿದ್ರು. 2015ರ 7-1 ಬೇಡವಾಗಿತ್ತು, ಹಾಗಾಗಿ ಅದಕ್ಕೆ ಬೆಲೆ ಇಲ್ಲ. ಕೌನ್ಸಿಲ್ ಅನ್ನೋ ಸಂಸ್ಥೆ ಎರಡು ಸಲನೂ ಅದೇ, ಅದೇ ಹಾಲ್, ಅದೇ ನಿಯಮ. ಸಂಸ್ಥೆ ಇದೆ ಅಂದ ಮಾತ್ರಕ್ಕೆ ಅದರ ಮಾತು ತೀರ್ಮಾನಕ್ಕೆ ತಲುಪುತ್ತೆ ಅಂತಲ್ಲ ಅನ್ನೋದಕ್ಕೆ ಇದಕ್ಕಿಂತ ನೇರವಾದ ಉದಾಹರಣೆ ನಂಗೆ ಗೊತ್ತಿಲ್ಲ.

ಈಗ ಅಳತೆ ವಿಷ್ಯ, ಸ್ವಲ್ಪ ನಿಧಾನವಾಗಿ ಓದಿ, ಯಾಕಂದ್ರೆ ಗವರ್ನೆನ್ಸ್ ಕೆಡೋದು ಬಹುತೇಕ ಇಂಥ ಬೇಸರ ಹುಟ್ಟಿಸೋ ಜಾಗದಲ್ಲೇ. ನೀರಲ್ಲಿ ಸೀಸನ ಪಿಪಿಬಿ ಲೆಕ್ಕದಲ್ಲಿ ಅಳೀತಾರೆ, ನೂರು ಕೋಟಿ ಭಾಗ ನೀರಿಗೆ ಎಷ್ಟು ಭಾಗ ಸೀಸ ಅಂತ. ಆಗಿನ ರೂಲ್ ಪ್ರಕಾರ ಕ್ರಮ ತಗೋಬೇಕಾದ ಮಟ್ಟ 15 ಆಗಿತ್ತು. ಇದು ಪ್ರತಿ ಮನೆಗೆ ಅನ್ವಯಿಸೋ ಮಿತಿ ಅಲ್ಲ. ಎಲ್ಲಾ ಸ್ಯಾಂಪಲ್‌ಗಳನ್ನ ಕಮ್ಮಿಯಿಂದ ಜಾಸ್ತಿಗೆ ಸಾಲಾಗಿ ಜೋಡಿಸಿ ಶೇಕಡಾ 90ನೇ ಜಾಗದಲ್ಲಿ ಇರೋದನ್ನ ನೋಡ್ತಾರೆ. ಹತ್ತು ಮನೆ ಅನ್ಕೊಳ್ಳಿ, ಒಂಬತ್ತನೇ ಮನೆಯ ಅಂಕಿ 15 ದಾಟಿದ್ರೆ ಮಾತ್ರ ಊರಿಗೆ ಗಂಟೆ ಬಾರಿಸುತ್ತೆ. ಹತ್ತನೇ ಮನೆಯಲ್ಲಿ 400 ಇದ್ರೂ ಊರಿನ ಲೆಕ್ಕ ಪಾಸ್. ಹಾಗಾಗಿ ಯಾವ ಮನೆ ಆರಿಸ್ತೀರಿ, ಎಷ್ಟು ಆರಿಸ್ತೀರಿ, ಹೇಗೆ ತುಂಬಿಸ್ತೀರಿ ಅನ್ನೋದ್ರ ಮೇಲೇ ಎಲ್ಲಾ ನಿಂತಿದೆ.

ಆರಿಸಬೇಕಾಗಿದ್ದು ಸೀಸದ ಪೈಪ್ ಇರೋ ಮನೆಗಳನ್ನ. ಆದ್ರೆ ಯಾವ ಮನೆಗೆ ಯಾವ ಪೈಪು ಅನ್ನೋ ದಾಖಲೆ ಊರಿನವ್ರ ಹತ್ರ ಇದ್ದಿದ್ದು ಸುಮಾರು 45,000 ಇಂಡೆಕ್ಸ್ ಕಾರ್ಡ್‌ಗಳಲ್ಲಿ, ಹಳೇ ನಕ್ಷೆಗಳ ಮೇಲಿನ ಕೈಬರಹದಲ್ಲಿ. ಯಾರೂ ಅದನ್ನ ಹುಡುಕಿ ಆರಿಸಲಿಲ್ಲ. ಇನ್ನು ತುಂಬಿಸೋ ರೀತಿ: ಜನರಿಗೆ ಕೊಟ್ಟ ಸೂಚನೆಯಲ್ಲಿ ಹಿಂದಿನ ರಾತ್ರಿ ನಲ್ಲಿನ ಕೆಲವು ನಿಮಿಷ ಬಿಟ್ಟು ಹರಿಸಿ, ಬೆಳಿಗ್ಗೆ ಸ್ಯಾಂಪಲ್ ತಗೊಳ್ಳಿ ಅಂತಿತ್ತು. ಹರಿಸಿದ್ರೆ ಪೈಪಲ್ಲಿ ಕೂತಿದ್ದ ಸೀಸ ತೊಳೆದು ಹೋಗುತ್ತೆ, ಬೆಳಿಗ್ಗೆ ಅಂಕಿ ಕಮ್ಮಿ ಬರುತ್ತೆ. 2015ರ ಮೊದಲ ಆರು ತಿಂಗಳಿಗೆ 71 ಸ್ಯಾಂಪಲ್ ಬಂದ್ವು. ಅದ್ರಲ್ಲಿ ಜಾಸ್ತಿ ಅಂಕಿ ಇದ್ದ ಎರಡನ್ನ ರಾಜ್ಯದ ಇಲಾಖೆ ತಾಂತ್ರಿಕ ಕಾರಣ ಕೊಟ್ಟು ತೆಗೆಸಿ ಹಾಕ್ತು. ಉಳಿದ 69ರಲ್ಲಿ ಲೆಕ್ಕ ಹಾಕಿದ್ರೆ 11, ಪಾಸ್. ಆ ಎರಡೂ ಇದ್ದಿದ್ರೆ 15 ದಾಟ್ತಿತ್ತು. ಎರಡೇ ಎರಡು ಬಾಟಲಿ ಇಡೀ ಊರಿನ ಫಲಿತಾಂಶ ತಿರುಗಿಸ್ತು.

ತೆಗೆದು ಹಾಕಿದ ಸ್ಯಾಂಪಲ್‌ಗಳಲ್ಲಿ ಒಂದು, ನಾಲ್ಕು ಮಕ್ಕಳ ತಾಯಿಯೊಬ್ಬರ ಮನೇದು. ಅವರ ಮನೆ ನಲ್ಲಿಯಲ್ಲಿ ಫೆಬ್ರವರಿಯಲ್ಲಿ 104 ಬಂದಿತ್ತು, ಮಾರ್ಚ್‌ನಲ್ಲಿ 397. ಆಕೆ ಅಲ್ಲಿಗೇ ಬಿಡಲಿಲ್ಲ. ಇಪಿಎಯ ಪ್ರಾದೇಶಿಕ ಕಚೇರಿಯಲ್ಲಿ ಮಿಗೆಲ್ ಡೆಲ್ ಟೋರಲ್ ಅನ್ನೋ ನೀರಿನ ತಜ್ಞರನ್ನ ಫೋನ್‌ನಲ್ಲಿ ಹಿಡಿದ್ರು. ಅವರು, ನೀರಿಗೆ ಸವೆತ ತಡೆಯೋದನ್ನ ಹಾಕ್ತಿದ್ದೀರಾ ಅಂತ ರಾಜ್ಯದ ಇಲಾಖೆನ ಕೇಳಿದ್ರು. ಫೆಬ್ರವರಿ ಕೊನೆಗೆ ಬಂದ ಉತ್ತರ: ಹೌದು, ಇದೆ. ಏಪ್ರಿಲ್ ಕೊನೆಗೆ ಬಂದ ಉತ್ತರ: ಇಲ್ಲ. ಜೂನ್‌ನಲ್ಲಿ ಡೆಲ್ ಟೋರಲ್ ಒಂದು ಮೆಮೋ ಬರೆದ್ರು, ಅದು ಆ ತಾಯಿಗೆ ಸಿಕ್ತು, ಅಲ್ಲಿಂದ ಒಬ್ಬ ಪತ್ರಕರ್ತರಿಗೆ ಹೋಗಿ ಜುಲೈನಲ್ಲಿ ಸುದ್ದಿಯಾಯ್ತು. ರಾಜ್ಯದ ಇಲಾಖೆ ವಕ್ತಾರ ಜನ ನಿರಾಳವಾಗಿರಬಹುದು ಅಂದ್ರು. ಇಪಿಎ ಒಳಗೂ ಮೇಲಿನವ್ರು ಮೆಮೋ ಹೊರಗೆ ಹೋಗಿದ್ದಕ್ಕೆ ಮುಜುಗರ ಪಟ್ಟುಕೊಂಡ್ರೇ ಹೊರತು ತಮ್ಮ ಅಧಿಕಾರ ಬಳಸಿ ಆಗಲೇ ಕೈ ಹಾಕಲಿಲ್ಲ.

ಇಲ್ಲಿಂದ ಕೇಸಿನ ಇನ್ನೊಂದು ಮುಖ. ಆ ತಾಯಿ ವರ್ಜೀನಿಯಾ ಟೆಕ್ ವಿಶ್ವವಿದ್ಯಾಲಯದ ಪ್ರೊಫೆಸರ್ ಮಾರ್ಕ್ ಎಡ್ವರ್ಡ್ಸ್‌ಗೆ ಫೋನ್ ಮಾಡಿದ್ರು, ಅವರ ತಂಡ ಆ ಮನೆಯ ನೀರು ಪರೀಕ್ಷೆ ಮಾಡಿದಾಗ ಒಂದು ಸ್ಯಾಂಪಲ್‌ನಲ್ಲಿ 13,000ಕ್ಕಿಂತ ಹೆಚ್ಚು ಬಂತು. ಆಗಸ್ಟ್‌ನಲ್ಲಿ ತಂಡ ಸುಮಾರು 300 ಕಿಟ್ ಕಳಿಸ್ತು, ಊರಿನ ಜನ ಅದನ್ನ ಮನೆಮನೆಗೆ ಹಂಚಿ, ತುಂಬಿಸೋದು ಹೇಗೆ ಅಂತ ಹೇಳ್ಕೊಟ್ಟು, 250ಕ್ಕೂ ಹೆಚ್ಚು ವಾಪಸ್ ಕಳಿಸಿದ್ರು. ಶೇಕಡಾ 90ನೇ ಜಾಗದ ಅಂಕಿ ಸುಮಾರು 25. ಸರ್ಕಾರದ ಇಡೀ ಯಂತ್ರ ಆರು ತಿಂಗಳಲ್ಲಿ 71 ಬಾಟಲಿ ಸೇರಿಸಿದ್ರೆ, ಸಂಬಳ ಇಲ್ಲದ ಜನ ಕೆಲವೇ ವಾರದಲ್ಲಿ ಅದರ ಮೂರು ಪಟ್ಟು ಸೇರಿಸಿದ್ರು. ಅದೇ ಹೊತ್ತಿಗೆ ಊರಿನ ಆಸ್ಪತ್ರೆಯ ಮಕ್ಕಳ ಡಾಕ್ಟರ್ ಮೋನಾ ಹನ್ನಾ-ಅಟಿಶಾ ಆಸ್ಪತ್ರೆ ದಾಖಲೆಯಲ್ಲಿದ್ದ ಮಕ್ಕಳ ರಕ್ತಪರೀಕ್ಷೆ ತೆಗೆದು ನೋಡಿದ್ರು. ಐದು ವರ್ಷದೊಳಗಿನ ಮಕ್ಕಳಲ್ಲಿ ರಕ್ತದ ಸೀಸ ಜಾಸ್ತಿ ಇದ್ದವರ ಪ್ರಮಾಣ ನದಿ ನೀರು ಬಂದ ಮೇಲೆ ಹತ್ತಿರ ಹತ್ತಿರ ಎರಡು ಪಟ್ಟು ಆಗಿತ್ತು, ಆಮೇಲೆ ಪ್ರಕಟವಾದ ಅಧ್ಯಯನದಲ್ಲಿ ಶೇ. 2.4ರಿಂದ 4.9. ಸೆಪ್ಟೆಂಬರ್ 24ಕ್ಕೆ ಪ್ರೆಸ್ ಮೀಟ್ ಮಾಡಿ ಹೇಳಿದ್ರು. ರಾಜ್ಯದವ್ರು ಮೊದಲು ನಿಮ್ಮ ಲೆಕ್ಕ ಸರಿಯಿಲ್ಲ ಅಂದ್ರು, ಒಂದೇ ವಾರದಲ್ಲಿ ತಮ್ಮದೇ ಡೇಟಾ ಮತ್ತೆ ನೋಡಿ ಒಪ್ಕೊಂಡ್ರು.

ಅಕ್ಟೋಬರ್ 16, 2015ಕ್ಕೆ ಫ್ಲಿಂಟ್ ವಾಪಸ್ ಡೆಟ್ರಾಯ್ಟ್ ನೀರಿಗೆ ಹೋಯ್ತು.

ಈಗ ಗೈಡಿನ ಆ ಒಂದು ಸಾಲಿಗೆ ವಾಪಸ್ ಬನ್ನಿ. ಗವರ್ನಮೆಂಟ್ ಅಂದ್ರೆ ಇಲ್ಲಿ ಯಾರು ಅಂತ ಬೆರಳು ಮಾಡಿ ತೋರಿಸಬಹುದು: ಕೌನ್ಸಿಲ್, ಮೇಯರ್, ಎಮರ್ಜೆನ್ಸಿ ಮ್ಯಾನೇಜರ್, ಗವರ್ನರ್, ರಾಜ್ಯದ ಇಲಾಖೆ, ಇಪಿಎ. ಇವ್ರಿಗೆ ಅಧಿಕಾರ ಕೊಟ್ಟಿದ್ದು ಕಾನೂನು, ಇವ್ರು ಹೇಳಿದ್ದನ್ನ ಜನ ಕೇಳಲೇಬೇಕು. ಗವರ್ನೆನ್ಸ್ ಅಂದ್ರೆ ಹಾಗೆ ಬೆರಳು ಮಾಡಿ ತೋರಿಸೋಕಾಗಲ್ಲ, ಅದು ಇವ್ರ ನಡುವೆ ಮತ್ತೆ ಇವರ ಹೊರಗಿರೋರ ಜೊತೆ ಏನು ಓಡಾಡ್ತಿದೆ ಅನ್ನೋದು: ಮಾಹಿತಿ, ದೂರು, ದುಡ್ಡು, ಒತ್ತಡ, ಹೊಣೆ. ಸೂಪರ್‌ವೈಸರ್‌ಗೆ ಗೊತ್ತಿದ್ದದ್ದು ತೀರ್ಮಾನ ಮಾಡೋನಿಗೆ ತಲುಪಿತಾ, ತಲುಪಿದ್ರೆ ಅವನು ಅದಕ್ಕೆ ಉತ್ತರ ಕೊಡಲೇಬೇಕಿತ್ತಾ, ಕೊಡದಿದ್ರೆ ಅವನನ್ನ ಯಾರು ಕೇಳಬಹುದಿತ್ತು. ಎಮರ್ಜೆನ್ಸಿ ಮ್ಯಾನೇಜರ್ ವ್ಯವಸ್ಥೆ ಮಾಡಿದ್ದು ಏನು ಅಂದ್ರೆ, ಗವರ್ನಮೆಂಟನ್ನ ಚುರುಕು ಮಾಡ್ತು, ಒಬ್ಬನೇ ಬೇಗ ತೀರ್ಮಾನ ತಗೋಬಹುದು, ಆದ್ರೆ ಕೊನೆಯ ಪ್ರಶ್ನೆಗೆ ಉತ್ತರ ಬದಲಾಯಿಸ್ತು. ಅವನನ್ನ ಕೇಳಬಹುದಾದವನು ಗವರ್ನರ್ ಮಾತ್ರ, ನೀರು ಕುಡಿಯೋರಲ್ಲ. ಗವರ್ನರ್ ಕಚೇರಿಗೆ ಅವನ ಕೆಲಸ ಅಳೆಯೋ ಅಳತೆ ಬಜೆಟ್. ಬಜೆಟ್ ದೃಷ್ಟಿಯಲ್ಲಿ ನದಿ ನೀರು ಒಳ್ಳೆ ತೀರ್ಮಾನವೇ ಆಗಿತ್ತು.

ವಿಶ್ವಬ್ಯಾಂಕ್ 1989ರಲ್ಲಿ ಆಫ್ರಿಕಾದ ಬಗ್ಗೆ ಬರೀವಾಗ ಅಲ್ಲಿರೋದು ಗವರ್ನೆನ್ಸ್ ಬಿಕ್ಕಟ್ಟು ಅಂತ ಬರೆದ ಮೇಲೆ ಈ ಪದ ಎಲ್ಲಾ ಸಿಲಬಸ್‌ಗೂ ಬಂತು, ಅದರ ಜೊತೆ ಇದೇನೋ ಬಡ ದೇಶಗಳ ರೋಗ ಅನ್ನೋ ವಾಸನೆನೂ ಬಂತು. ಫ್ಲಿಂಟ್ ಕೇಸನ್ನ ತರಗತಿಯಲ್ಲಿ ಇಡೋಕೆ ನನ್ನ ಇನ್ನೊಂದು ಕಾರಣ ಅದೇ.

ಇಲ್ಲಿ ಹುಡುಗ್ರು ಸಾಮಾನ್ಯವಾಗಿ ಒಂದು ತಪ್ಪು ಮಾಡ್ತಾರೆ. ಓಹೋ ಹಾಗಾದ್ರೆ ಸರ್ಕಾರ ಕೆಟ್ಟದ್ದು, ಜನ, ಪ್ರೊಫೆಸರ್ರು, ಡಾಕ್ಟರ್ರು ಸೇರಿದ ನೆಟ್‌ವರ್ಕ್ ಒಳ್ಳೇದು, ಅದೇ ಗವರ್ನೆನ್ಸ್ ಅಂತ ಬರೆದ್ಬಿಡ್ತಾರೆ. ಅಲ್ಲ. ಆ ನೆಟ್‌ವರ್ಕ್ ಸತ್ಯ ಕಂಡು ಹಿಡೀತು, ಆದ್ರೆ ವಾಲ್ವ್ ತಿರುಗಿಸೋ ಕೈ ಅವ್ರದ್ದಾಗಿರ್ಲಿಲ್ಲ. ತಾಯಿಗೆ 397 ಅಂತ ಗೊತ್ತಾದ ದಿನದಿಂದ ವಾಲ್ವ್ ತಿರುಗೋಕೆ ಏಳು ತಿಂಗಳು ಹಿಡೀತು. ನೀರಿನ ಮೂಲ ಬದಲಾಯಿಸೋದು, ಕಾನೂನು ಜಾರಿ ಮಾಡೋದು, ತುರ್ತು ಸ್ಥಿತಿ ಘೋಷಿಸೋದು, ಇದನ್ನೆಲ್ಲ ಗವರ್ನಮೆಂಟ್ ಮಾತ್ರ ಮಾಡೋಕೆ ಸಾಧ್ಯ. ವಾಪಸ್ ಹೋಗೋಕೆ 1.2 ಕೋಟಿ ಡಾಲರ್ ಬೇಕಾಗಿತ್ತು, ಅದ್ರಲ್ಲಿ 60 ಲಕ್ಷ ರಾಜ್ಯ ಕೊಡ್ತು, 20 ಲಕ್ಷ ಊರು ಕೊಡ್ತು, ಉಳಿದ 40 ಲಕ್ಷ ಕೊಟ್ಟಿದ್ದು ಮಾಟ್ ಫೌಂಡೇಷನ್ ಅನ್ನೋ ಅಲ್ಲಿನ ದತ್ತಿ ಸಂಸ್ಥೆ. ಇದು ಗವರ್ನೆನ್ಸ್‌ನ ಚಿತ್ರ, ಸರ್ಕಾರ ಮಧ್ಯದಲ್ಲಿದೆ, ಆದ್ರೆ ಒಬ್ಬಂಟಿಯಾಗಿಲ್ಲ. ದತ್ತಿ ಸಂಸ್ಥೆ ಮೂರನೇ ಒಂದು ಭಾಗ ಕೊಟ್ಟಿದ್ದು ಒಳ್ಳೇದೋ ನಾಚಿಕೆಗೇಡೋ ಅಂತ ಚರ್ಚೆ ಮಾಡಬಹುದು, ನಂಗೆ ಎರಡೂ ಅನ್ಸುತ್ತೆ.

ಇನ್ನೊಂದು ಮಾತು, ಇದನ್ನ ಪಠ್ಯದಲ್ಲಿ ಅಷ್ಟಾಗಿ ಒತ್ತಿ ಹೇಳಲ್ಲ. ತುಂಬಾ ಕೈ ಸೇರಿದಾಗ ಹೊಣೆ ತೆಳ್ಳಗಾಗುತ್ತೆ. ಊರಿನವ್ರು ರಾಜ್ಯದ ಇಲಾಖೆ ಒಪ್ಪಿತ್ತು ಅಂದ್ರು. ರಾಜ್ಯದವ್ರು ಕೌನ್ಸಿಲ್ ಮತ ತೋರಿಸಿದ್ರು, ಕೇಂದ್ರದ ರೂಲೇ ಅಸ್ಪಷ್ಟ ಅಂದ್ರು. ಇಪಿಎ ಜಾರಿ ಅಧಿಕಾರ ರಾಜ್ಯದ್ದು ಅಂತು. ಪ್ರತಿಯೊಬ್ಬರ ಮಾತಲ್ಲೂ ಸ್ವಲ್ಪ ನಿಜ ಇದೆ, ಅದೇ ತೊಂದರೆ. ಗವರ್ನರ್ ಸ್ವತಃ ನೇಮಿಸಿದ ಐವರ ತನಿಖಾ ಸಮಿತಿ 2016ರ ಮಾರ್ಚ್‌ನಲ್ಲಿ ಮುಖ್ಯ ಹೊಣೆ ರಾಜ್ಯದ ಪರಿಸರ ಇಲಾಖೆ ಮೇಲೆ ಹೊರಿಸ್ತು, ಎಮರ್ಜೆನ್ಸಿ ಮ್ಯಾನೇಜರ್ ವ್ಯವಸ್ಥೆನ ಹೆಸರಿಟ್ಟು ಟೀಕಿಸ್ತು. ಕ್ರಿಮಿನಲ್ ಕೇಸ್‌ಗಳೂ ಬಿದ್ವು, ಮಾಜಿ ಗವರ್ನರ್ ಮೇಲೂ ಬಿತ್ತು, ಆದ್ರೆ ಆರೋಪ ಹೊರಿಸಿದ ವಿಧಾನವೇ ಸರಿಯಿಲ್ಲ ಅಂತ 2022ರಲ್ಲಿ ಮಿಷಿಗನ್ ಸುಪ್ರೀಂ ಕೋರ್ಟ್ ಹೇಳಿದ ಮೇಲೆ ಅವು ಬಿದ್ದು ಹೋದ್ವು. ಸಿವಿಲ್ ಕೇಸಲ್ಲಿ 2021ರಲ್ಲಿ 62.6 ಕೋಟಿ ಡಾಲರ್ ಪರಿಹಾರ ಒಪ್ಪಂದಕ್ಕೆ ಕೋರ್ಟ್ ಒಪ್ಪಿಗೆ ಸಿಕ್ತು. ಇದೇ ಅವಧಿಯಲ್ಲಿ ಆ ಭಾಗದಲ್ಲಿ ಹರಡಿದ್ದ ಲೀಜನೇರ್ಸ್ ಅನ್ನೋ ಶ್ವಾಸಕೋಶದ ಕಾಯಿಲೆಯಿಂದ 12 ಜನ ಸತ್ತಿದ್ರು, ಅದರ ಬಗ್ಗೆ ಅಧಿಕಾರಿಗಳಿಗೆ ಮೊದಲೇ ಗೊತ್ತಿದ್ರೂ ಸಾರ್ವಜನಿಕವಾಗಿ ಹೇಳಿದ್ದು 2016ರ ಜನವರಿಯಲ್ಲಿ.

ಸೀಸದ ಪೈಪು ಬದಲಾಯಿಸೋ ಕೆಲಸಕ್ಕೆ ಗಟ್ಟಿ ಗಡುವು ಬಂದಿದ್ದೂ 2017ರ ಕೋರ್ಟ್ ಒಪ್ಪಂದದಿಂದ, ಕೇಸ್ ಹಾಕಿದ್ದು ಊರಿನ ಪಾದ್ರಿಗಳ ಗುಂಪು, ಒಬ್ಬ ನಿವಾಸಿ ಮತ್ತೆ ಎರಡು ಸಂಘಟನೆಗಳು. ಅಗೆದಿದ್ದು ಊರಿನ ಗುತ್ತಿಗೆದಾರರು, ದುಡ್ಡು ಕೊಟ್ಟಿದ್ದು ರಾಜ್ಯ ಮತ್ತೆ ಕೇಂದ್ರ, ಕಣ್ಣಿಟ್ಟು ಕಾದಿದ್ದು ಕೋರ್ಟ್.

2018ರ ಏಪ್ರಿಲ್ ಹೊತ್ತಿಗೆ ಫ್ಲಿಂಟ್ ನೀರಿನ ಅಂಕಿ 15ಕ್ಕಿಂತ ಕೆಳಗೆ ಇಳಿದು ಎರಡು ವರ್ಷದ ಹತ್ತಿರ ಆಗಿತ್ತು. ಆ ತಿಂಗಳೇ ಊರಿನ ಮೇಲಿದ್ದ ರಾಜ್ಯದ ಆರ್ಥಿಕ ಉಸ್ತುವಾರಿ ಮುಗೀತು, ಕೌನ್ಸಿಲ್‌ಗೆ ಪೂರ್ತಿ ಅಧಿಕಾರ ವಾಪಸ್ ಬಂತು. ಅದೇ ತಿಂಗಳು ಗವರ್ನರ್ ಪುಕ್ಕಟೆ ಬಾಟಲಿ ನೀರು ಹಂಚೋದನ್ನ ನಿಲ್ಲಿಸಿದ್ರು, ನೀರು ಈಗ ಸರಿ ಇದೆ ಅಂತ. ಲೆಕ್ಕದಲ್ಲಿ ಸರಿನೇ ಇತ್ತು. ಮೇಯರ್ ವಿರೋಧಿಸಿದ್ರು, ಕೊನೆ ದಿನಗಳಲ್ಲಿ ಹಂಚೋ ಜಾಗಗಳ ಮುಂದೆ ಕಾರುಗಳ ಸಾಲು ನಿಂತಿತ್ತು. 2014ರಲ್ಲೂ ಅವ್ರಿಗೆ ಲೆಕ್ಕ ಸರಿ ಇದೆ ಅಂತಲೇ ಹೇಳಿದ್ರಲ್ಲ.